ದೀಪ ಆರಿಸಿದ ಮೇಲೆ ಓಡುವ ಯೋಚನೆಗಳು

ಪ್ರಶ್ನೆ: ಹಗಲೆಲ್ಲ ಚೆನ್ನಾಗಿಯೇ ಇರುತ್ತೇನೆ. ರಾತ್ರಿ ದೀಪ ಆರಿಸಿ ಮಲಗಿದ ಕೂಡಲೇ ಯೋಚನೆಗಳು ಒಂದರ ಹಿಂದೆ ಒಂದು ಓಡುತ್ತವೆ. ಹೀಗೇಕೆ? ಚಿಂತೆಗಳನ್ನು ಬರೆದಿಟ್ಟರೆ, ನಿಧಾನವಾಗಿ ಉಸಿರಾಡಿದರೆ ನಿಜವಾಗಿ ಪ್ರಯೋಜನವಿದೆಯೇ?

ನಾನು ಕೋಲಾರದಲ್ಲಿ ಆಪ್ತ ಸಮಾಲೋಚಕನಾಗಿ ಕೆಲಸ ಮಾಡುತ್ತೇನೆ. ಪ್ರಯೋಜನವಿದೆ. ಆದರೆ ಬರೆಯುವ ಹೊತ್ತು ಮತ್ತು ಬರೆಯುವ ರೀತಿ ಸರಿಯಿಲ್ಲದಿದ್ದರೆ ಅದೇ ಪಟ್ಟಿ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ.

ಹಗಲು ಕೆಲಸ, ಮಾತು, ಮೊಬೈಲು ಗಮನವನ್ನು ಹಿಡಿದಿಟ್ಟುಕೊಂಡಿರುತ್ತವೆ. ಮಲಗಿದಾಗ ಅವೆಲ್ಲ ಒಮ್ಮೆಲೇ ನಿಂತು, ಅರ್ಧಕ್ಕೆ ಬಿಟ್ಟ ಕೆಲಸಗಳು ಮೇಲೇಳುತ್ತವೆ, ಏಕೆಂದರೆ ಮುಗಿದ ಕೆಲಸಕ್ಕಿಂತ ಮುಗಿಯದ ಕೆಲಸವನ್ನು ಮನಸ್ಸು ಹೆಚ್ಚು ಎಚ್ಚರದಿಂದ ಕಾಯುತ್ತದೆ. ‘ಯೋಚಿಸಬಾರದು’ ಎಂದು ಹಟ ಹಿಡಿದರೆ ಆ ಯೋಚನೆ ಬಂದಿದೆಯೇ ಎಂದು ಮತ್ತೆ ಮತ್ತೆ ನೋಡಬೇಕಾಗುವುದರಿಂದ ಅದು ಇನ್ನೂ ಬಲಗೊಳ್ಳುತ್ತದೆ. ಹೀಗೆ ಹಲವು ರಾತ್ರಿ ಕಳೆದ ಮೇಲೆ ಹಾಸಿಗೆ ಎಂದರೆ ಚಿಂತೆಯ ಜಾಗ ಎಂಬ ರೂಢಿ ದೇಹಕ್ಕೇ ಆಗಿಬಿಡುತ್ತದೆ. ಟಿವಿಯ ಮುಂದೆ ತೂಕಡಿಸುತ್ತಿದ್ದವರು ದಿಂಬಿಗೆ ತಲೆಯಿಟ್ಟೊಡನೆ ಪೂರ್ತಿ ಎಚ್ಚರವಾಗುತ್ತಿದ್ದರೆ ಈ ರೂಢಿ ಬೇರೂರಿದೆ ಎಂದು ತಿಳಿಯಬಹುದು.

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬ ಟೊಮೆಟೊ ಬೆಳೆಗಾರರ ವಿಷಯ ಹೇಳುತ್ತೇನೆ. ಅವರು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲೇ ಕುಳಿತು ‘ಸಾಲ, ಮೋಟರು, ಮಗಳ ಫೀಸು, ನಾಳೆಯ ರೇಟು’ ಎಂದು ಬರೆದು, ಆಮೇಲೆ ಎರಡು ಗಂಟೆಯವರೆಗೆ ಹೊರಳಾಡುತ್ತಿದ್ದರು. ಆ ನಾಲ್ಕು ಪದಗಳು ಭಯದ ಹೆಸರುಗಳಷ್ಟೇ. ಅವುಗಳಲ್ಲಿ ಮುಂದೇನು ಮಾಡಬೇಕು ಎಂಬುದು ಇರಲಿಲ್ಲ. ಆದ್ದರಿಂದ ಸಂಜೆ ಏಳೂವರೆಗೆ, ಊಟಕ್ಕೆ ಮುಂಚೆ, ಜಗಲಿಯಲ್ಲಿ ಕುಳಿತು ಹದಿನೈದು ನಿಮಿಷ ಮಾತ್ರ ಬರೆಯಲು ಹೇಳಿದೆ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ‘ಮಗಳ ಫೀಸು 18,000 ರೂಪಾಯಿ, ಈ ತಿಂಗಳೊಳಗೆ’ ಎಂದೂ ಬಲಗಡೆ ‘ಸೋಮವಾರ ಹತ್ತು ಗಂಟೆಗೆ ಕಾಲೇಜಿಗೆ ಹೋಗಿ ಎರಡು ಕಂತು ಕೇಳುವುದು’ ಎಂದೂ ಬರೆದರು. ಮೋಟರಿನ ಎದುರು ‘ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನು’ ಎಂದಾಯಿತು. ರೇಟಿನ ಎದುರು ಏನು ಬರೆಯುವುದೆಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರಂತೆ. ಕೊನೆಗೆ ‘ಮಂಡಿಯಲ್ಲಿ ಹರಾಜಾಗುವವರೆಗೆ ನನ್ನ ಕೈಯಲ್ಲಿ ಏನೂ ಇಲ್ಲ’ ಎಂದು ಬರೆದರು. ಅದೂ ಸರಿಯಾದ ಉತ್ತರವೇ. ರಾತ್ರಿ ಅದೇ ಯೋಚನೆ ಬಂದಾಗ ‘ಇದು ಪುಸ್ತಕದಲ್ಲಿದೆ’ ಎಂದುಕೊಂಡು ಬಿಡಬೇಕು, ಎದ್ದು ಪುಸ್ತಕ ತೆರೆಯಬಾರದು ಎಂದು ಮಾಡಿಕೊಂಡೆವು. ಮೂರನೆಯ ವಾರದ ಹೊತ್ತಿಗೆ ಹೆಚ್ಚಿನ ರಾತ್ರಿಗಳಲ್ಲಿ ಅರ್ಧ ಗಂಟೆಯೊಳಗೆ ನಿದ್ದೆ ಬರುತ್ತಿತ್ತು. ಹರಾಜಿನ ಹಿಂದಿನ ರಾತ್ರಿ ಮಾತ್ರ ಈಗಲೂ ತಡವಾಗುತ್ತದೆ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 57 ಯುವಜನರ ಪೈಕಿ ಕೆಲವರು ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನೂ, ಉಳಿದವರು ಮಾಡಿ ಮುಗಿಸಿದ್ದನ್ನೂ ಬರೆದರು. ಮೊದಲಿನವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಬಂತು, ಅದರಲ್ಲೂ ವಿವರವಾಗಿ ಬರೆದವರಿಗೆ ಇನ್ನೂ ಬೇಗ. ಅವರು ಆರೋಗ್ಯವಂತರಾಗಿದ್ದುದರಿಂದ ಹಳೆಯ ನಿದ್ರಾಹೀನತೆಗೆ ಇಷ್ಟೇ ಸಾಕೆಂದು ಹೇಳಲಾಗದು. ಚಿಂತೆ ಹೆಚ್ಚಿರುವವರಿಗೆ ಮಲಗುವ ಹೊತ್ತಿಗಿಂತ ಸಂಜೆಯೇ ಒಳ್ಳೆಯದೆಂಬುದು ನನ್ನ ಅನುಭವ.

ಉಸಿರಾಟದ ಕೆಲಸ ಬೇರೆ. ಅದು ಚಿಂತೆಯನ್ನು ಬಿಡಿಸುವುದಿಲ್ಲ, ದೇಹದ ಉದ್ವೇಗವನ್ನು ಇಳಿಸುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟರೆ ಅನೇಕರಿಗೆ ಇದು ತಿಳಿಯುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆಳೆದು ಆರು ಎಣಿಸುವಷ್ಟು ಹೊತ್ತು ಬಿಟ್ಟರೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಐದರಿಂದ ಹತ್ತು ನಿಮಿಷ ಸಾಕು. ಬಹುತೇಕರು ತಪ್ಪುವುದು ಎದೆ ತುಂಬ ಗಾಳಿ ಎಳೆಯುವುದರಲ್ಲಿ. ತಲೆ ಹಗುರವಾಗಿ ಬೆರಳುಗಳು ಜುಮ್ಮೆಂದರೆ ಗಾಳಿ ಹೆಚ್ಚಾಯಿತೆಂದೇ ಅರ್ಥ, ಆಗ ಚಿಕ್ಕ ಉಸಿರಿಗೆ ಇಳಿಯಬೇಕು. ಆರು ಎಣಿಸುವುದು ಕಷ್ಟವಾದರೆ ಮೂರು-ನಾಲ್ಕರಿಂದ ಶುರುಮಾಡಿ. ಮೊದಲ ವಾರ ಹಗಲಿನಲ್ಲೇ ಅಭ್ಯಾಸ ಮಾಡುವುದು ಮೇಲು.

ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತಲಿಲ್ಲ ಎನಿಸಿದರೆ, ಗಡಿಯಾರ ನೋಡದೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಮರಳಿ. ಹಾಸಿಗೆಗೂ ಚಿಂತೆಗೂ ಬಿದ್ದ ನಂಟು ಸಡಿಲವಾಗುವುದು ಹೀಗೆಯೇ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಇದು ಮುಂದುವರಿದರೆ ವೈದ್ಯರನ್ನು ಕಾಣಿ. ಎರಡು-ಮೂರು ಗಂಟೆ ಮಲಗಿಯೂ ದಣಿವಿಲ್ಲದೆ, ಮಾತೂ ಹುರುಪೂ ಮಿತಿಮೀರಿ, ಜೊತೆಗೆ ಯೋಚನೆಗಳು ಓಡುತ್ತಿದ್ದರೆ ಅದು ಚಿಂತೆಯ ಲಕ್ಷಣವಲ್ಲ. ಪಟ್ಟಿ ಬರೆಯುತ್ತ ಕೂರದೆ ಮನೋವೈದ್ಯರ ಬಳಿ ಬೇಗ ಹೋಗಬೇಕು. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಬೆಳಗಾಗುವವರೆಗೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.