ಐಪಿ ತಡೆದರೂ ಸೈಟ್ ಮತ್ತೆ ಏಳುವುದೇಕೆ?

ಪ್ರಶ್ನೆ: ಫಿಶಿಂಗ್ ಸೈಟಿನ ಐಪಿಯನ್ನು ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿದೆ. ಅರ್ಧ ಗಂಟೆಯಲ್ಲೇ ಮತ್ತೆ ತೆರೆಯುತ್ತಿದೆ. ಯಾಕೆ?

ಉತ್ತರ: ನೀವು ತಡೆದದ್ದು ಸೈಟನ್ನಲ್ಲ, ಅದರ ಬಾಗಿಲಲ್ಲಿ ನಿಂತಿದ್ದ ಯಾರದೋ ಮನೆಯ ವೈರಸ್ ಹಿಡಿದ ಕಂಪ್ಯೂಟರನ್ನು. ಇದು ಫಾಸ್ಟ್ ಫ್ಲಕ್ಸ್ ಇರಬೇಕು. ಇಲ್ಲಿ ಡೊಮೇನ್ ಹೆಸರು ಒಂದೇ, ಡಿಎನ್ಎಸ್ ಅದಕ್ಕೆ ಕೊಡುವ ಐಪಿಗಳು ಮಾತ್ರ ಕೆಲವೇ ನಿಮಿಷಗಳಿಗೊಮ್ಮೆ ಬದಲಾಗುತ್ತವೆ. ಆ ಯಂತ್ರಗಳು ನಿಮ್ಮ ವಿನಂತಿಯನ್ನು ಹಿಂದೆ ಅಡಗಿರುವ ಅಸಲಿ ಸರ್ವರ್‌ಗೆ ದಾಟಿಸುತ್ತವೆ, ಅಷ್ಟೆ. ಒಂದನ್ನು ಮುಚ್ಚಿದರೆ ಸರದಿಯಲ್ಲಿ ನೂರಾರು ಕಾಯುತ್ತಿರುತ್ತವೆ.

ಪರೀಕ್ಷಿಸಿ ನೋಡಿ (`example.com` ಜಾಗದಲ್ಲಿ ಆ ಹೆಸರು ಹಾಕಿ):

```
dig +noall +answer example.com A
```

ಉತ್ತರದಲ್ಲಿ ಹೆಸರಿನ ಪಕ್ಕದ ಅಂಕಿಯೇ ಟಿಟಿಎಲ್, ಅಂದರೆ ಆ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ. ಅದು 300 ಸೆಕೆಂಡಾಗಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಓಡಿಸಿ. ಐಪಿ ಬದಲಾದ ಮಾತ್ರಕ್ಕೆ ತೀರ್ಮಾನಿಸಬೇಡಿ, ಸೈಟುಗಳನ್ನು ಹಲವೆಡೆಯ ಸರ್ವರ್‌ಗಳಿಂದ ತಲುಪಿಸುವ ಸಾಚಾ ಸಿಡಿಎನ್‌ಗಳೂ ಹಾಗೇ ಮಾಡುತ್ತವೆ. ಆದರೆ ಅವುಗಳ ಐಪಿಗಳು ಒಂದೆರಡು ಕಂಪನಿಗಳ ಜಾಲದಲ್ಲೇ ಇರುತ್ತವೆ. ಫ್ಲಕ್ಸ್‌ನವು ಒಂದಕ್ಕೊಂದು ಸಂಬಂಧವಿಲ್ಲದ ದೇಶಗಳ ಮನೆ ಬ್ರಾಡ್‌ಬ್ಯಾಂಡ್‌ಗಳಲ್ಲಿ ಚದುರಿರುತ್ತವೆ. ಅಂಥ ಐಪಿ ನಾಳೆ ಬೇರೆ ಗ್ರಾಹಕನಿಗೆ ಹೋಗಬಹುದು. ಆಗ ನಿಮ್ಮ ಬ್ಲಾಕ್ ತಟ್ಟುವುದು ಪಾಪದವನಿಗೆ.

‘ಡಬಲ್ ಫ್ಲಕ್ಸ್’ನಲ್ಲಿ ನೇಮ್‌ಸರ್ವರ್‌ಗಳ ವಿಳಾಸವೂ ತಿರುಗುತ್ತಿರುತ್ತದೆ. ಅದನ್ನು ಬಳಸಿದ ಅವಲಾಂಚ್ ಎಂಬ ಸೈಬರ್ ಅಪರಾಧಿಗಳ ಜಾಲವನ್ನು 2016ರಲ್ಲಿ ಉರುಳಿಸುವಾಗ ಪೊಲೀಸರು ಸರ್ವರ್‌ಗಳ ಜೊತೆಗೆ 8 ಲಕ್ಷಕ್ಕೂ ಹೆಚ್ಚು ಡೊಮೇನ್‌ಗಳನ್ನು ವಶಪಡಿಸಿಕೊಳ್ಳಬೇಕಾಯಿತು ಅಥವಾ ತಡೆಯಬೇಕಾಯಿತು.

ನೀವೂ ಹೆಸರನ್ನೇ ಹಿಡಿಯಿರಿ: ನಿಮ್ಮ ಡಿಎನ್ಎಸ್ ರಿಸಾಲ್ವರ್‌ನಲ್ಲಿ ಆ ಡೊಮೇನ್ ತಡೆದು, ರಿಜಿಸ್ಟ್ರಾರ್‌ಗೆ ದೂರು ಕೊಡಿ. ಬ್ರೌಸರ್ ನಿಮ್ಮ ರಿಸಾಲ್ವರ್ ಬಿಟ್ಟು ಹೊರಗಿನ ಡಿಎನ್ಎಸ್ ಬಳಸುತ್ತಿದ್ದರೆ ಮಾತ್ರ ಈ ತಡೆಯೂ ನಡೆಯದು.