ಎಣ್ಣೆಯ ದರ ಮತ್ತು ಅಟ್ಟದಲ್ಲಿರುವ ಕೊಬ್ಬರಿ

ಪ್ರಶ್ನೆ: “ಉಡುಪಿಯ ಸುತ್ತ ಸುಮಾರು 45 ಮನೆಗಳಿಗೆ ಗಾಣದ ತೆಂಗಿನೆಣ್ಣೆ ಕೊಡುತ್ತೇನೆ. ಮೂರು ವರ್ಷದಿಂದ ಲೀಟರಿಗೆ 260 ರೂಪಾಯಿ. ಆಗ ಕೊಬ್ಬರಿ ಕಿಲೋಗೆ 98ಕ್ಕೆ ಸಿಗುತ್ತಿತ್ತು, ಈ ಸಲ 210 ಕೊಟ್ಟೆ. ಅರ್ಧದಷ್ಟು ನನ್ನ ತೋಟದ ಕಾಯಿ. ಹಳೆಯ ಗಿರಾಕಿಗಳಿಗೆ ದರ ಏರಿಸುವುದನ್ನು ಹೇಗೆ ಹೇಳಲಿ? ಮುಖ ಕೊಟ್ಟು ಮಾತನಾಡುವುದಕ್ಕೇ ಸಂಕೋಚ.”

ಉತ್ತರ:

ಅಣ್ಣ, ಹೇಳುವುದು ಹೇಗೆ ಎನ್ನುವುದು ಆಮೇಲೆ. ಎಷ್ಟು ಏರಿಸುತ್ತೀರಿ ಎನ್ನುವುದು ಮೊದಲು ನಿಮಗೇ ಸರಿ ಎನಿಸಬೇಕು. ಸಂಕೋಚದಲ್ಲಿ ಅರ್ಧ ಅಲ್ಲಿಗೆ ಕಳೆಯುತ್ತದೆ.

ಇದೇ ಪ್ರಶ್ನೆಗೆ ಬ್ರಹ್ಮಾವರದ ಅಣ್ಣ ಉತ್ತರ ಬರೆದಿದ್ದಾರೆ, ಕೊಬ್ಬರಿ ಎರಡು ಪಟ್ಟಾಗಿದೆ, ಎಣ್ಣೆಯನ್ನೂ ಎರಡು ಪಟ್ಟು ಮಾಡಿ, ಕಾರಣ ಹೇಳಲು ಹೋಗಬೇಡಿ, ಹೇಳಿದರೆ ಚೌಕಾಶಿ ಶುರುವಾಗುತ್ತದೆ ಎಂದು. ಚೌಕಾಶಿಯ ಮಾತು ಅರ್ಧ ನಿಜ. ಉದ್ದುದ್ದ ಕಾರಣ ಕೊಟ್ಟರೆ ಹಾಗೆಯೇ ಆಗುತ್ತದೆ. ಆದರೆ ಎರಡು ಪಟ್ಟು ಎನ್ನುವುದು ತಪ್ಪು ಲೆಕ್ಕ. ನಮ್ಮ ಕಡೆಯ ಗಾಣದಲ್ಲಿ ನೂರು ಕಿಲೋ ಒಣ ಕೊಬ್ಬರಿಗೆ ಸುಮಾರು 60 ಕಿಲೋ ಎಣ್ಣೆ ಬರುತ್ತದೆ ಎಂದು ಹಿಡಿದರೆ, ಒಂದು ಲೀಟರಿಗೆ ಒಂದೂವರೆ ಕಿಲೋಗಿಂತ ತುಸು ಹೆಚ್ಚು ಕೊಬ್ಬರಿ ಬೇಕು. ಹಳೆಯ ದರದಲ್ಲಿ ಅದರ ಬೆಲೆ ಸುಮಾರು 150 ರೂಪಾಯಿ, ಈಗ 325. ವ್ಯತ್ಯಾಸ 175. ಗಾಣದ ಕೂಲಿ, ಬಾಟಲಿ, ಸ್ಕೂಟರಿನ ಪೆಟ್ರೋಲ್ ಯಾವುದೂ ಎರಡು ಪಟ್ಟಾಗಿಲ್ಲ. ಅವುಗಳಿಗೆ ಐದೋ ಹತ್ತೋ ಸೇರಿಸಿಕೊಳ್ಳಿ. ಹಿಂಡಿ ಮಾರಿದ ಹಣ ಆಗಲೂ ನಿಮ್ಮದೇ, ಈಗಲೂ ನಿಮ್ಮದೇ, ಅದನ್ನು ಬಿಡಿ. ಅಲ್ಲಿಗೆ 440 ಆಯಿತು. 520 ಅಲ್ಲ. ಯಾರಾದರೂ ಪೆನ್ನು ಹಿಡಿದು ಕೇಳಿದರೆ 440ಕ್ಕೆ ನಿಮ್ಮ ಬಳಿ ಉತ್ತರ ಇರುತ್ತದೆ, 520ಕ್ಕೆ ಇರುವುದಿಲ್ಲ.

ಸ್ವಂತ ಕಾಯಿಯ ವಿಷಯವನ್ನು ನೀವು ಪ್ರಶ್ನೆಯಲ್ಲೇ ಒಪ್ಪಿಕೊಂಡದ್ದು ಒಳ್ಳೆಯದಾಯಿತು. ಏಕೆಂದರೆ ಅದು ನಿಮ್ಮ ಗಿರಾಕಿಗಳಿಗೂ ಗೊತ್ತು, ಅವರಲ್ಲಿ ಕೆಲವರಾದರೂ ನಿಮ್ಮ ಅಂಗಳದಲ್ಲಿ ಕಾಯಿ ಒಣಗುವುದನ್ನು ಕಂಡವರೇ. “ಕೊಬ್ಬರಿ ದುಬಾರಿ” ಎಂದಷ್ಟೇ ಹೇಳಿದರೆ, ಮರ ನಿನ್ನದೇ ಅಲ್ಲವೇ ಮಾರಾಯ ಎನ್ನುತ್ತಾರೆ. ಅರ್ಧ ಕೊಂಡದ್ದು, ಅರ್ಧ ನಮ್ಮದು, ನಮ್ಮದನ್ನು ಕಾಯಿಯಾಗಿಯೇ ಅಂಗಡಿಗೆ ಹಾಕಿದ್ದರೂ ಈಗ ಇದೇ ಹಣ ಸಿಗುತ್ತಿತ್ತು ಎಂದು ಕೇಳಿದವರಿಗೆ ನೇರವಾಗಿ ಹೇಳಿ. ಮರ ಹತ್ತುವವರ ಕೂಲಿ, ಮಂಗಗಳು ಎಳನೀರಲ್ಲೇ ಕಿತ್ತು ಹಾಕುವುದು, ಎಲ್ಲ ನಿಜವೇ. ಆದರೆ ಪಟ್ಟಿ ಮಾಡಲು ಹೋಗಬೇಡಿ. ಕಾರಣಗಳು ಹೆಚ್ಚಾದಷ್ಟೂ ಒಂದೊಂದೂ ನೆಪದಂತೆ ಕಾಣುತ್ತದೆ.

ಈಗ ನನ್ನ ಪೆದ್ದುತನ. ಕೆಲವು ವರ್ಷಗಳ ಹಿಂದೆ ದರ ಏರಿಸಲು ನನಗೂ ಇದೇ ಸಂಕೋಚ. ಅಲ್ಲಿಯವರೆಗೆ ಮಂಗಳೂರಿನ ಮನೆಗಳಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದೆ. ಅದೇ ದರಕ್ಕೆ ಲೀಟರ್ ಬಾಟಲಿ ಶುರು ಮಾಡಿದೆ. ತೆಂಗಿನೆಣ್ಣೆ ಒಂದು ಲೀಟರ್ ತೂಗಿದರೆ ಸುಮಾರು 920 ಗ್ರಾಂ ಅಷ್ಟೇ. ಎಂಬತ್ತು ಗ್ರಾಂ ಯಾರ ಗಮನಕ್ಕೆ ಬರುತ್ತದೆ ಎಂದುಕೊಂಡೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ರಾಯರು ಮುಂದಿನ ಸಲ ಹೋದಾಗ ಅಡುಗೆಮನೆಯ ತಕ್ಕಡಿಯನ್ನು ಜಗಲಿಗೆ ತಂದು, ಮೊದಲು ಖಾಲಿ ಬಾಟಲಿ ಇಟ್ಟರು, ಆಮೇಲೆ ತುಂಬಿದ್ದು. ಬೈಯಲಿಲ್ಲ. “ಕೇಳಿದ್ದರೆ ಐವತ್ತು ಜಾಸ್ತಿ ಕೊಡುತ್ತಿದ್ದೆ” ಎಂದರು, ಅಷ್ಟೇ. ಆ ಮನೆ ಹೋಯಿತು, ಅವರ ಮಾತಿನ ಮೇಲೆ ಬಂದಿದ್ದ ಇನ್ನೂ ಮೂರು ಮನೆಗಳೂ ಹೋದವು. ದರದಿಂದ ಯಾರೂ ಹೋಗಿರಲಿಲ್ಲ. ಹಾಗಾಗಿ ಅಳತೆ ಮುಟ್ಟಬೇಡಿ, ಬೇರೆ ಎಣ್ಣೆ ಬೆರೆಸುವ ಮಾತಂತೂ ಬೇಡವೇ ಬೇಡ.

ಇನ್ನು ದಿನಾಂಕ. ಎಲ್ಲರೂ ಎಡವುವುದು ಇಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕೊಬ್ಬರಿ ಒಣಗುವುದಿಲ್ಲ, ಮೇ ಒಳಗೆ ಒಣಗಿಸಿ ಅಟ್ಟಕ್ಕೆ ಹಾಕಿದ್ದರಲ್ಲೇ ದಿನ ದೂಡಬೇಕು. ಹಳೆಯ ದರದಲ್ಲಿ ತುಂಬಿಸಿದ ಕೊಬ್ಬರಿ ಅಟ್ಟದಲ್ಲಿ ಇರುವಾಗಲೇ ಹೊಸ ದರ ಹಾಕಿದರೆ, ವಿಷಯ ತಿಳಿದ ಗಿರಾಕಿಗೆ ಅದು ಮೋಸದಂತೆ ಕಾಣುತ್ತದೆ. ನಾನು ಈಗ ಮಾಡುವುದು ಹೀಗೆ: ಹಳೆಯ ಕೊಬ್ಬರಿ ಮುಗಿಯುವ ದಿನವನ್ನು ಅಂದಾಜು ಮಾಡಿ ಆ ದಿನದಿಂದ ಹೊಸ ದರ, ಒಂದು ತಿಂಗಳು ಮುಂಚೆ ತಿಳಿಸುವುದು. ಇದರಲ್ಲಿ ನಮಗೂ ಲಾಭ ಇದೆ. ಪೇಟೆಯಲ್ಲಿ ಕೊಬ್ಬರಿ ಇಳಿದ ಮರುದಿನವೇ ಇಳಿಸಿ ಎಂದು ಯಾರಾದರೂ ಕೇಳಿದರೆ, ದುಬಾರಿಗೆ ಕೊಂಡದ್ದು ಮುಗಿಯಲಿ ಎಂದು ಹೇಳುವ ಹಕ್ಕು ಇರುತ್ತದೆ. ಮುಗಿದ ಮೇಲೆ ಇಳಿಸಲೇಬೇಕು, ಕೇಳುವ ಮೊದಲೇ. ಕೊಬ್ಬರಿ ಕಿಲೋಗೆ 10 ರೂಪಾಯಿ ಇಳಿದರೆ ಎಣ್ಣೆಗೆ 15 ಇಳಿಸಲು ಬರುತ್ತದೆ.

ನನ್ನ ಭಾವನಿಗೆ ಇದು ಒಪ್ಪಿಗೆಯಿಲ್ಲ. ಮುಂದಿನ ಕೊಬ್ಬರಿಯನ್ನು ಈಗಿನ ಎಣ್ಣೆಯ ಹಣದಲ್ಲೇ ಕೊಳ್ಳಬೇಕಲ್ಲ, ಹಳೆಯ ದರಕ್ಕೆ ಮಾರಿದರೆ ಕೈಯಲ್ಲಿ ಬಂಡವಾಳ ಎಲ್ಲಿರುತ್ತದೆ ಎಂದು ಕೇಳುತ್ತಾನೆ. ಸಾಲ ಮಾಡಿ ಕೊಬ್ಬರಿ ಕೊಳ್ಳುವವರಿಗೆ ಅವನ ಮಾತೇ ಸರಿ ಇರಬಹುದು. ನಿಮ್ಮ ಕೈ ನೋಡಿಕೊಂಡು ತೀರ್ಮಾನಿಸಿ.

ಶಂಕರಪುರದ ಅಕ್ಕ, ಮಲ್ಲಿಗೆಗೆ ದಿನದಿನವೂ ದರ ಬದಲಾದರೂ ಯಾರೂ ಮುನಿಸಿಕೊಳ್ಳುವುದಿಲ್ಲ, ಎಣ್ಣೆಗೇಕೆ ಇಷ್ಟು ರಾಮಾಯಣ ಎಂದಿರಿ. ನಿಮ್ಮ ಮಲ್ಲಿಗೆ ಅಟ್ಟೆಯ ದರವನ್ನು ನೀವು ಕಟ್ಟುವುದಿಲ್ಲವಲ್ಲ ಅಕ್ಕ, ಅದು ಹೂವಿನ ವ್ಯಾಪಾರದ ಕಟ್ಟೆಯಲ್ಲಿ ಆಗುತ್ತದೆ. ಕೊಳ್ಳುವವರು ದರವನ್ನು ಬೈಯುತ್ತಾರೆ, ನಿಮ್ಮನ್ನಲ್ಲ. ಇಲ್ಲಿ ದರ ಹೇಳುವ ಬಾಯಿ ಇವರದೇ.

ತಿಳಿಸುವುದನ್ನು ಗುಂಪಿನಲ್ಲಿ ಹಾಕಬೇಡಿ, ಒಬ್ಬರು ಗೊಣಗಿದರೆ ಹತ್ತು ಜನ ಸೇರುತ್ತಾರೆ. ಒಬ್ಬೊಬ್ಬರಿಗೇ ಕಳುಹಿಸಿ. ಮೊಬೈಲ್ ಓದದ ಹಿರಿಯರಿಗೆ ಎಣ್ಣೆ ಕೊಡುವಾಗ ಬಾಯಿಯಲ್ಲೇ ಹೇಳಿ. ನಾನು ಬರೆಯುವುದಾದರೆ ಹೀಗೆ:

“ನಮಸ್ಕಾರ ಅಕ್ಕ. ಮುಂದಿನ ತಿಂಗಳು 1ರಿಂದ ಎಣ್ಣೆ ಲೀಟರಿಗೆ 440 ರೂಪಾಯಿ ಆಗುತ್ತದೆ, ಈಗ 260 ಇದೆ. ಮೂರು ವರ್ಷದ ಹಿಂದೆ ಕೊಬ್ಬರಿ ಕಿಲೋಗೆ 98 ಇತ್ತು, ಈ ಸಲ 210 ಕೊಟ್ಟಿದ್ದೇನೆ. ಎಣ್ಣೆಯೂ ಅಳತೆಯೂ ಮೊದಲಿನದೇ. ಈ ತಿಂಗಳ ಕೊನೆಯವರೆಗೆ ನಿಮ್ಮ ಮನೆಗೆ ಎರಡು ಲೀಟರ್ ಹಳೆಯ ದರದಲ್ಲೇ ಇದೆ. ಅರ್ಧ ಲೀಟರ್ ಬಾಟಲಿಯೂ ಸಿಗುತ್ತದೆ. ಕೊಬ್ಬರಿ ಇಳಿದಾಗ ನಾನೇ ತಿಳಿಸಿ ಇಳಿಸುತ್ತೇನೆ.”

ದರ ಮೊದಲ ಸಾಲಿನಲ್ಲೇ ಇರಲಿ. ಕ್ಷಮಿಸಿ, ಅನಿವಾರ್ಯ ಎಂಬುದೆಲ್ಲ ಬೇಡ, ನೀವು ತಪ್ಪೇನೂ ಮಾಡಿಲ್ಲ. ಎರಡು ಲೀಟರಿನ ಮಿತಿ ಮರೆಯಬೇಡಿ. ಎಣ್ಣೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಮಿತಿ ಹಾಕದಿದ್ದರೆ ಯಾರೋ ಇಬ್ಬರು ಹದಿನೈದು ಲೀಟರ್ ಎತ್ತಿಕೊಂಡು ಹೋಗಿ ಉಳಿದವರಿಗೆ ಇಲ್ಲವಾಗುತ್ತದೆ. ಮುಂಗಡ ಕೊಟ್ಟವರಿಗೆ ಹಳೆಯ ದರವೇ, ಅದರಲ್ಲಿ ಎರಡು ಮಾತಿಲ್ಲ.

45 ಮನೆಗೆ ಎರಡೆರಡು ಲೀಟರ್ ಎಂದರೆ 90 ಲೀಟರ್, ಅದಕ್ಕೆ ಸುಮಾರು 140 ಕಿಲೋ ಕೊಬ್ಬರಿ ಬೇಕು. ಹಳೆಯ ದರದ್ದು ಅಟ್ಟದಲ್ಲಿ ಅಷ್ಟು ಉಳಿದಿದೆಯೇ? ಇಲ್ಲದಿದ್ದರೆ ಆ ಎರಡು ಲೀಟರನ್ನು ಒಂದು ಮಾಡಿ.