ಕ್ಷಮಾಪಣೆ ಪತ್ರದೊಳಗಿನ ‘ನಾವು’

ಪ್ರಶ್ನೆ: “ಹಾಸ್ಟೆಲ್ ಗಲಾಟೆ ಅಂತ ನನ್ನನ್ನು ಮುಂದಿನ ಆದೇಶದವರೆಗೆ ಸಸ್ಪೆಂಡ್ ಮಾಡಿದ್ದಾರೆ. ನಾನು ಯಾರಿಗೂ ಹೊಡೆದಿಲ್ಲ. ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಮುಗಿಸಿಬಿಡ್ತೀವಿ ಅಂತಿದ್ದಾರೆ. ಬರೆದುಕೊಡಲಾ, ಇಲ್ಲ ಲಾಯರ್ ನೋಟಿಸ್ ಕಳಿಸಲಾ? ಇಂಜಿನಿಯರಿಂಗ್ 2ನೇ ವರ್ಷ, ಚಿಕ್ಕಮಗಳೂರು.”

ಎರಡೂ ಬೇಡ. ಮೊದಲನೆಯದನ್ನು ಮಾಡಿ ಒಂದು ವರ್ಷ ಕಳೆದುಕೊಂಡವನು ನಾನು. ಈಗ ನಾನೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಶಿಸ್ತು ಸಮಿತಿಯಲ್ಲೂ ಕೂತಿದ್ದೇನೆ. ಹಾಗಾಗಿ ಆ ಪತ್ರ ಮೇಜಿನ ಆಚೆ ಕಡೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತು.

ಹಾಸನದ ಒಂದು ಕಾಲೇಜಿನಲ್ಲಿ ಐದನೇ ಸೆಮಿಸ್ಟರ್‌ನಲ್ಲಿದ್ದೆ. ರಾತ್ರಿ ಹಾಸ್ಟೆಲ್ಲಿನ ಮೆಸ್ ಮುಂದೆ ಜೂನಿಯರ್ ಒಬ್ಬನಿಗೆ ನಾಲ್ಕು ಜನ ಹೊಡೆದರು. ನಾನು ಬಿಡಿಸಲು ಹೋಗಿದ್ದೆ. ಬೆಳಿಗ್ಗೆ ಐದೂ ಜನರನ್ನು ಆಫೀಸಿಗೆ ಕರೆಸಿ ಬಿಳಿ ಹಾಳೆ ಕೊಟ್ಟರು. “ಮನೆಗೆ ಫೋನ್ ಮಾಡೋದು ಬೇಡ ಅಂದ್ರೆ ಹೇಳಿದ ಹಾಗೆ ಬರೀರಿ” ಅಂದರು. ಅವರು ಹೇಳಿದರು, ನಾವು ಬರೆದೆವು: “ದಿನಾಂಕ ಇಂತಹ ರಾತ್ರಿ ನಾವು ಸದರಿ ವಿದ್ಯಾರ್ಥಿಯ ಮೇಲೆ ಹಲ್ಲೆ ಮಾಡಿರುತ್ತೇವೆ. ನಮ್ಮ ತಪ್ಪನ್ನು ಒಪ್ಪಿಕೊಂಡಿರುತ್ತೇವೆ. ಸಂಸ್ಥೆ ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧರಾಗಿರುತ್ತೇವೆ.” ಐದು ಹಾಳೆ, ಐದರಲ್ಲೂ ಅದೇ ಮೂರು ವಾಕ್ಯ.

ಅದರಲ್ಲಿ ನಾನು ನೋಡದೇ ಹೋದದ್ದು ‘ನಾವು’ ಅನ್ನುವ ಪದ. ‘ನಾನು’ ಎಂದು ಶುರು ಮಾಡಿದ್ದರೆ ಮುಂದಿನ ಕ್ರಿಯಾಪದಕ್ಕೆ ಕೈ ಹೋಗುತ್ತಿರಲಿಲ್ಲ. “ನಾನು ಹಲ್ಲೆ ಮಾಡಿರುತ್ತೇನೆ” ಎಂದು ಬರೆಯಲು ಯಾರಿಗಾದರೂ ಪೆನ್ನು ನಿಲ್ಲುತ್ತದೆ. ‘ನಾವು’ ಎಂದಾಗ ಜಗಳ ನಡೆದದ್ದು ನಿಜ, ನಾವು ಅಲ್ಲಿದ್ದದ್ದೂ ನಿಜ, ಆದ್ದರಿಂದ ವಾಕ್ಯವೂ ನಿಜವೇ ಎಂದು ಅನಿಸಿಬಿಟ್ಟಿತು. ಸಮಿತಿಗೆ ಬೇಕಾಗಿದ್ದದ್ದು ಅಷ್ಟೇ. ಹೊಡೆದದ್ದು ಯಾರು, ಬಿಡಿಸಿದ್ದು ಯಾರು ಅನ್ನುವ ಒಂದೇ ಒಂದು ಪ್ರಶ್ನೆಯನ್ನು ವಿಚಾರಣೆ ತೀರ್ಮಾನಿಸಬೇಕಿತ್ತು. ನಮ್ಮ ಕೈಬರಹ ಆ ಪ್ರಶ್ನೆಯನ್ನೇ ಅಳಿಸಿಹಾಕಿತು. ಒಪ್ಪಿಕೊಂಡ ಸಂಗತಿಗೆ ಪುರಾವೆ ಬೇಡ ಅನ್ನುವುದು ಹಳೆಯ ನಿಯಮ. ಸಮಿತಿ ಹತ್ತು ನಿಮಿಷ ಕೂತು, “ಬರೆದದ್ದು ನಿಮ್ಮದೇ ತಾನೇ?” ಎಂದು ಕೇಳಿ ಕಳಿಸಿತು. ಹೊಡೆಸಿಕೊಂಡ ಹುಡುಗನನ್ನು ಕೇಳಲೇ ಇಲ್ಲ. ಕೇಳಿದ್ದರೆ ನಾನು ಬಿಡಿಸಿದೆ ಎಂದು ಅವನೇ ಹೇಳುತ್ತಿದ್ದ. ಐವರಿಗೂ ಒಂದು ಸೆಮಿಸ್ಟರ್ ಸಸ್ಪೆನ್ಷನ್. ಆ ವಿಷಯಗಳು ಮತ್ತೆ ಬರುವುದು ಮುಂದಿನ ವರ್ಷ, ಹಾಗಾಗಿ ಒಂದು ಸೆಮಿಸ್ಟರ್ ಹೋದರೆ ಒಂದು ವರ್ಷ ಹೋದ ಹಾಗೆ. ಆಡಳಿತ ಮಂಡಳಿಗೆ ಮೇಲ್ಮನವಿ ಕೊಟ್ಟಾಗ ಅವರು ಅದೇ ಹಾಳೆಯ ಜೆರಾಕ್ಸ್ ತೋರಿಸಿದರು. ನಾನು ಇಡಲು ಬೇರೆ ಕಾಗದ ನನ್ನ ಹತ್ತಿರ ಇರಲಿಲ್ಲ.

ನೀವು ಇನ್ನೂ ಬರೆದುಕೊಟ್ಟಿಲ್ಲದಿದ್ದರೆ “ನನಗೆ ಆರೋಪವನ್ನು ಲಿಖಿತವಾಗಿ ಕೊಡಿ, ಲಿಖಿತವಾಗಿ ಉತ್ತರಿಸುತ್ತೇನೆ” ಎಂದಷ್ಟೇ ಹೇಳಿ. ಬರೆದುಕೊಟ್ಟಾಗಿದ್ದರೆ ಇವತ್ತೇ ಇನ್ನೊಂದು ಪತ್ರ ಕೊಡಿ. ಯಾರು ಹೇಳಿ ಬರೆಸಿದರು, ಎಷ್ಟು ಹೊತ್ತಿಗೆ, ಯಾರ್ಯಾರು ಇದ್ದರು, ಯಾವ ವಾಕ್ಯವನ್ನು ಒಪ್ಪುವುದಿಲ್ಲ, ನಿಜವಾಗಿ ನಡೆದದ್ದೇನು ಅನ್ನುವುದನ್ನು ಬರೆಯಿರಿ. ಎರಡನೇ ದಿನ ಕೊಟ್ಟ ಇಂಥ ಪತ್ರಕ್ಕೆ ತೂಕವಿದೆ. ಶಿಕ್ಷೆ ಬಂದಮೇಲೆ ಕೊಟ್ಟರೆ, ಶಿಕ್ಷೆ ನೋಡಿ ಮಾತು ತಿರುಗಿಸಿದ ಅನ್ನುತ್ತಾರೆ. ಎರಡು ಪ್ರತಿ ಮಾಡಿ, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಪ್ರಾಂಶುಪಾಲರ ಅಧಿಕೃತ ಇಮೇಲ್‌ಗೆ ಕಳಿಸಿ, ಸ್ಪೀಡ್ ಪೋಸ್ಟ್ ಕೂಡ ಮಾಡಿ.

ಲಾಯರ್ ನೋಟಿಸ್ ಯಾಕೆ ಬೇಡ ಅಂದರೆ, ಅದು ಬಂದ ದಿನವೇ ನಿಮ್ಮ ಫೈಲು ಕಾಲೇಜಿನ ವಕೀಲರ ಕೈಗೆ ಹೋಗುತ್ತದೆ. ಆಮೇಲೆ ಯಾವ ಮೇಷ್ಟರೂ ನಿಮ್ಮ ಜೊತೆ ಬಿಚ್ಚಿ ಮಾತಾಡುವುದಿಲ್ಲ. ವಕೀಲರು ಬೇಕಾಗುವುದು ಅಂತಿಮ ಆದೇಶ ಬಂದಮೇಲೆ, ಅಥವಾ ಪರೀಕ್ಷೆ ಎದುರಿಗೆ ಬಂದು ನಿಂತಾಗ. ಈಗ ಬೇಕಾಗಿರುವುದು ನಿಮ್ಮದೇ ಅರ್ಜಿ.

ಆ ಅರ್ಜಿಯಲ್ಲಿ ಮೊದಲ ಮಾತು ಸಸ್ಪೆನ್ಷನ್ ಬಗ್ಗೆಯೇ ಇರಲಿ. ವಿಚಾರಣೆ ಮುಗಿಯುವವರೆಗೆ ದೂರ ಇಡುವುದು ಬೇರೆ, ಶಿಕ್ಷೆಯಾಗಿ ಸಸ್ಪೆಂಡ್ ಮಾಡುವುದು ಬೇರೆ. ಸಾಕ್ಷಿಗಳನ್ನು ಹೆದರಿಸಬಹುದು, ಮತ್ತೆ ಹೊಡೆದಾಟ ಆಗಬಹುದು ಎಂಬ ಕಾರಣವಿದ್ದರೆ ಮೊದಲನೆಯದನ್ನು ನಿಮ್ಮನ್ನು ಕೇಳದೆಯೇ ಮಾಡಬಹುದು. ಆದರೆ ಅದಕ್ಕೆ ಕೊನೆಯ ದಿನ ಇರದಿದ್ದರೆ ಅದೇ ಶಿಕ್ಷೆಯಾಗಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ ಸೆಮಿಸ್ಟರ್‌ನಲ್ಲಿ 40 ಕ್ಲಾಸು, ವಿಟಿಯು ನಿಯಮದಂತೆ ಶೇ. 85 ಹಾಜರಾತಿ ಅಂದರೆ 34 ಬೇಕು. ವಾರಕ್ಕೆ ನಾಲ್ಕು ಕ್ಲಾಸಿನಂತೆ ಮೂರು ವಾರ ಹೊರಗಿದ್ದರೆ 12 ಹೋಯಿತು, ಉಳಿದದ್ದು 28, ಅಂದರೆ ಶೇ. 70. ಆರೋಪ ಸುಳ್ಳೆಂದು ಆಮೇಲೆ ತೀರ್ಮಾನವಾದರೂ ಹಾಲ್ ಟಿಕೆಟ್ ಬರುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನೇ ಅರ್ಜಿಯಲ್ಲಿ ಬರೆದು ಕೇಳಿ: ಹಾಸ್ಟೆಲ್‌ನಿಂದ ಮಾತ್ರ ದೂರ ಇಡಿ, ಕ್ಲಾಸಿಗೆ ಬಿಡಿ, ಅದಾಗದಿದ್ದರೆ ವಿಚಾರಣೆ ಮುಗಿಯುವ ದಿನಾಂಕ ತಿಳಿಸಿ, ಆರೋಪದಿಂದ ಮುಕ್ತನಾದರೆ ಈ ದಿನಗಳನ್ನು ಗೈರುಹಾಜರಿ ಎಂದು ಎಣಿಸಬೇಡಿ. ಸಮಿತಿಯಲ್ಲಿ ಕೂತವನಾಗಿ ಹೇಳುತ್ತೇನೆ, ಗಲಾಟೆ ಹಾಸ್ಟೆಲ್‌ನದ್ದಾದರೆ ಈ ಕೋರಿಕೆಯನ್ನು ತಳ್ಳಿಹಾಕಲು ಕಾರಣ ಹುಡುಕುವುದು ಕಷ್ಟ.

ಎರಡನೆಯದು ಸಿಸಿಟಿವಿ. ಹಾಸ್ಟೆಲ್‌ಗಳ ಡಿವಿಆರ್ ತುಂಬಿದಾಗ ಹಳೆಯ ದೃಶ್ಯದ ಮೇಲೇ ಹೊಸದು ಬರುತ್ತಾ ಹೋಗುತ್ತದೆ, ಕೆಲವೇ ವಾರಗಳಲ್ಲಿ ನಿಮಗೆ ಬೇಕಾದ ರಾತ್ರಿ ಇರುವುದಿಲ್ಲ. “ಮೆಸ್ ಬಾಗಿಲ ಕ್ಯಾಮೆರಾ, ಇಂಥ ದಿನಾಂಕ, ರಾತ್ರಿ 9ರಿಂದ 10ರವರೆಗಿನ ದೃಶ್ಯ ಉಳಿಸಿ, ಸಮಿತಿ ಅದನ್ನು ನನ್ನ ಮುಂದೆ ನೋಡಲಿ” ಎಂದು ಜಾಗ, ಹೊತ್ತು ಸಮೇತ ಬರೆಯಿರಿ. ಬರೇ “ಸಿಸಿಟಿವಿ ಕೊಡಿ” ಅಂದರೆ ಏನೂ ಸಿಗುವುದಿಲ್ಲ. ಬರೆದು ಕೇಳಿದಮೇಲೂ ಅಳಿಸಿಹೋಗಲು ಬಿಟ್ಟರೆ, ಆ ಮೌನವೇ ಮುಂದೆ ನಿಮ್ಮ ಪರ ಮಾತಾಡುತ್ತದೆ. ಜೊತೆಗೆ ದೂರಿನ ಪ್ರತಿ, ವಾರ್ಡನ್ ವರದಿ, ಯಾವ ನಿಯಮ ಮುರಿದೆನೆಂದು ಆರೋಪವೋ ಆ ನಿಯಮದ ಪುಟ ಕೇಳಿ.

ಎಲ್ಲವೂ ಸಿಗುತ್ತದೆ ಎಂದು ನಂಬಿಸುವುದಿಲ್ಲ. ಕಾಲೇಜು ವಿಚಾರಣೆ ಕೋರ್ಟಲ್ಲ. 1973ರಲ್ಲಿ ಸುಪ್ರೀಂ ಕೋರ್ಟ್ ಹೀರಾನಾಥ್ ಮಿಶ್ರಾ ಪ್ರಕರಣದಲ್ಲಿ ಇದನ್ನೇ ಹೇಳಿತು. ರಾಂಚಿಯ ವೈದ್ಯಕೀಯ ಕಾಲೇಜಿನ ಹುಡುಗರು ರಾತ್ರಿ ಹುಡುಗಿಯರ ಹಾಸ್ಟೆಲ್‌ಗೆ ನುಗ್ಗಿದ್ದರು. ಹುಡುಗಿಯರ ಹೇಳಿಕೆಯನ್ನು ಹುಡುಗರ ಎದುರು ತೆಗೆದುಕೊಂಡಿರಲಿಲ್ಲ, ಪಾಟೀಸವಾಲಿಗೆ ಅವಕಾಶವಿರಲಿಲ್ಲ. ಆದರೂ ಆರೋಪ ತಿಳಿಸಿ ಉತ್ತರಕ್ಕೆ ಅವಕಾಶ ಕೊಟ್ಟಿದ್ದರಿಂದ ಶಿಕ್ಷೆ ಉಳಿಯಿತು. ಆ ಹುಡುಗಿಯರು ಮುಂದೆ ಅದೇ ಕ್ಯಾಂಪಸ್ಸಿನಲ್ಲಿ ಓಡಾಡಬೇಕಿತ್ತು, ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಹಾಗಾಗಿ ಸಾಕ್ಷಿಯ ಹೆಸರಿಗಾಗಿ ಹಟ ಹಿಡಿಯಬೇಡಿ. ಹೆಸರು ಮುಚ್ಚಿ ಹೇಳಿಕೆಯ ಸಾರಾಂಶ ಕೊಡಿ, ನನ್ನ ನಾಲ್ಕು ಪ್ರಶ್ನೆಗಳನ್ನು ಸಮಿತಿಯೇ ಅವರಿಗೆ ಕೇಳಲಿ ಎನ್ನಿ. ಹೊಡೆಸಿಕೊಂಡ ಹುಡುಗನಿಗೆ “ಇವನು ನಿನ್ನನ್ನು ಮುಟ್ಟಿದನಾ, ಯಾವ ಕೈ ಹಿಡಿದ, ಆಗ ಏನು ಹೇಳಿದ?” ಎಂದು ಕೇಳಿಸಿ. ನೀವಾಗಿ ಮಾತ್ರ ಅವನಿಗೆ ಫೋನ್ ಮಾಡಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಸಾಕ್ಷಿಯ ಮೇಲೆ ಒತ್ತಡ ಹಾಕಿದ ಎಂಬ ಎರಡನೇ ಆರೋಪ ಬರುತ್ತದೆ.

ಆದರೆ ಆರೋಪವನ್ನೇ ತಿಳಿಸದೆ ಶಿಕ್ಷಿಸುವಂತಿಲ್ಲ. 1962ರ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ, ಪರೀಕ್ಷೆಯ ಫಲಿತಾಂಶ ರದ್ದು ಮಾಡುವ ಮುನ್ನ ವಿದ್ಯಾರ್ಥಿಯ ಮಾತು ಕೇಳಬೇಕೆಂದು ನಿಯಮದಲ್ಲಿ ಬರೆದಿರದಿದ್ದರೂ ಕೇಳಲೇಬೇಕು, ಯಾಕೆಂದರೆ ಅದು ಅವನ ಬದುಕನ್ನು ತಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮಗೆ ಬರುವ ನೋಟಿಸಿನಲ್ಲಿ “ಗಲಾಟೆಯಲ್ಲಿ ಭಾಗಿಯಾಗಿರುತ್ತೀರಿ” ಎಂದಷ್ಟೇ ಇದ್ದರೆ ಉತ್ತರ ಕೊಡುವ ಮುನ್ನ ಕೇಳಿ: ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ನಾನು ಏನು ಮಾಡಿದೆ ಎಂದು ಆರೋಪ? ನಿಮ್ಮ ಉತ್ತರದಲ್ಲಿ ಪ್ರತಿ ವಾಕ್ಯವೂ ‘ನಾನು’ ಎಂದೇ ಶುರುವಾಗಲಿ. ಅಲ್ಲಿದ್ದದ್ದನ್ನು ಒಪ್ಪಿಕೊಳ್ಳಿ, ಮಾಡದ್ದನ್ನು ಅಲ್ಲಗಳೆಯಿರಿ. ಅಲ್ಲಿರಲೇ ಇಲ್ಲ ಎಂದು ಸುಳ್ಳು ಹೇಳಿದವರ ಉಳಿದ ನಿಜವನ್ನೂ ಸಮಿತಿ ನಂಬುವುದಿಲ್ಲ.

ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ದೂರು ಕೊಟ್ಟ ವಾರ್ಡನ್ನೇ ಸದಸ್ಯರಾಗಿದ್ದರೆ ಮೊದಲ ಸಭೆಯಲ್ಲೇ, ಮಾತು ಶುರುವಾಗುವ ಮುನ್ನ, ಬರೆದು ಆಕ್ಷೇಪ ಸಲ್ಲಿಸಿ. ಗೊತ್ತಿದ್ದೂ ಸುಮ್ಮನಿದ್ದು, ಆದೇಶ ವಿರುದ್ಧ ಬಂದಮೇಲೆ ಎತ್ತಿದರೆ ಆ ಆಕ್ಷೇಪವನ್ನು ಬಿಟ್ಟುಕೊಟ್ಟಿದ್ದೀರಿ ಎಂದೇ ಕೋರ್ಟುಗಳು ನೋಡುತ್ತವೆ.

ಅಂತಿಮ ಆದೇಶ ಬಂದಾಗ ಶಿಕ್ಷೆಗಿಂತ ಮೊದಲು ಕಾರಣ ಓದಿ. ನಿಮ್ಮ ಉತ್ತರವನ್ನು ಯಾಕೆ ಒಪ್ಪಲಿಲ್ಲ ಎಂದು ಒಂದು ಸಾಲೂ ಇಲ್ಲದಿದ್ದರೆ ಅದೇ ನಿಮ್ಮ ಬಲವಾದ ಅಂಶ. ಯುಜಿಸಿಯ 2023ರ ನಿಯಮಾವಳಿಯಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಸಂಸ್ಥೆ ತನ್ನದೇ ನಿಯಮ ಮೀರಿ ಕ್ರಮ ಕೈಗೊಂಡಿದ್ದರೆ ಅಲ್ಲಿಗೆ ದೂರು ಕೊಡಬಹುದು. ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ಅವರು ವರದಿ ಕೊಡಬೇಕು. ಅದೂ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದಲ್ಲಿ ಇಂಥ ಮೇಲ್ಮನವಿ ಕೇಳಲೆಂದೇ ಇರುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಪರೀಕ್ಷೆ ಹತ್ತಿರವಿದ್ದರೆ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ, ಲಾಯರ್ ಬೇಕಾಗುವುದು ಆಗ. ಅಲ್ಲಿ ನೀವು ಹೊಡೆದಿರೋ ಇಲ್ಲವೋ ಎಂದು ಸಾಮಾನ್ಯವಾಗಿ ತೂಗುವುದಿಲ್ಲ, ಕೇಳುವ ಕ್ರಮ ಸರಿಯಿತ್ತೇ ಎಂದು ನೋಡುತ್ತಾರೆ. ಗೆದ್ದರೂ ಹೆಚ್ಚಿನ ಸಲ ಸಿಗುವುದು ಹೊಸದಾಗಿ ವಿಚಾರಣೆ. ಆ ಹೊಸ ವಿಚಾರಣೆಯಲ್ಲೂ ನಿಮ್ಮ ಕೈಬರಹದ ಹಾಳೆ ಫೈಲಿನಲ್ಲೇ ಇರುತ್ತದೆ.

ನಾಳೆ ಬೆಳಿಗ್ಗೆ ಆಫೀಸು ತೆರೆಯುತ್ತಲೇ ಸಿಸಿಟಿವಿ ಅರ್ಜಿ ಕೊಡಿ. ಉಳಿದದ್ದಕ್ಕೆ ಇನ್ನೆರಡು ದಿನ ತಡೆಯಬಹುದು, ಅದಕ್ಕಾಗುವುದಿಲ್ಲ.